ಚಾನೆಲ್‌ಗೆ ಹೆಸರು, ಹ್ಯಾಂಡಲ್ ಇಡೋದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಗಂಗಾವತಿಯಲ್ಲಿ ನನ್ನದೊಂದು ಸಣ್ಣ ಆನ್‌ಲೈನ್ ಸೆಂಟರ್ ಇದೆ. ಪಹಣಿ, ಆಧಾರ್, ಪರೀಕ್ಷೆ ಅರ್ಜಿಗಳ ಜೊತೆಗೆ ಈಗ ಯೂಟ್ಯೂಬ್ ಚಾನೆಲ್ ಮಾಡಿಸಿಕೊಳ್ಳೋಕೂ ಜನ ಬರ್ತಾರೆ. ಮುನಿರಾಬಾದ್ ಕಡೆಯಿಂದ, ಕಾರಟಗಿಯಿಂದ, ಸಿಂಧನೂರಿನಿಂದ ಬಂದವರೆಲ್ಲ ಕ್ಯಾಮೆರಾ, ಮೈಕು ಯಾವುದು ಒಳ್ಳೇದು ಅಂತ ಅರ್ಧ ತಾಸು ಕೇಳ್ತಾರೆ. ಹೆಸರಿನ ಮಾತು ಬಂದಾಗ ಮಾತ್ರ "ಏನೋ ಒಂದು ಹಾಕ್ರಿ" ಅಂತಾರೆ. ಆರು ತಿಂಗಳು ಕಳೆದ ಮೇಲೆ ಅದೇ ಹೆಸರು ಬದಲಾಯಿಸೋಕೆ ಮತ್ತೆ ಬರ್ತಾರೆ. ಅವರು ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಒಟ್ಟು ಮಾಡಿದ್ದೇನೆ. ಉದಾಹರಣೆಗೆ ನಮ್ಮ ಓಣಿಯ ಅಕ್ಕ ಒಬ್ಬರನ್ನು ತೆಗೆದುಕೊಂಡಿದ್ದೇನೆ. ಅವರು ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾಡಿ ಮಾರ್ತಾರೆ, ಅದನ್ನೇ ವಿಡಿಯೋ ಮಾಡಬೇಕು ಅಂತ ಬಂದಿದ್ದರು.

ಚಾನೆಲ್ ಹೆಸರು ಮತ್ತು ಹ್ಯಾಂಡಲ್ ಎರಡೂ ಒಂದೇ ಅಲ್ವಾ?

ಅಲ್ಲ. ಚಾನೆಲ್ ಹೆಸರು ಅಂಗಡಿ ಮೇಲಿನ ಬೋರ್ಡ್ ಇದ್ದಂತೆ. ಕನ್ನಡದಲ್ಲಿ ಬರೆಯಬಹುದು, ನಡುವೆ ಜಾಗ ಬಿಡಬಹುದು, ಅದೇ ಹೆಸರಿನ ಇನ್ನೂ ಹತ್ತು ಚಾನೆಲ್‌ಗಳು ಇರಬಹುದು. ಹ್ಯಾಂಡಲ್ ಅನ್ನೋದು @ ಗುರುತಿನಿಂದ ಶುರುವಾಗುವ ವಿಳಾಸ. ನಡುವೆ ಜಾಗ ಇರೋದಿಲ್ಲ, ಇಡೀ ಯೂಟ್ಯೂಬ್‌ನಲ್ಲಿ ಒಬ್ಬರಿಗೇ ಸಿಗುತ್ತೆ. ಯೂಟ್ಯೂಬ್ ಇದನ್ನು 2022ರಲ್ಲಿ ತಂದಿತು. ಅದಕ್ಕೂ ಮೊದಲು ಚಾನೆಲ್ ಮಾಡಿದವರಲ್ಲಿ ಎಷ್ಟೋ ಜನರಿಗೆ ತಮಗೊಂದು ಹ್ಯಾಂಡಲ್ ಇದೆ ಅನ್ನೋದೇ ಗೊತ್ತಿಲ್ಲ. ತೆಗೆದು ನೋಡಿದರೆ `@user-` ಅಂತ ಶುರುವಾಗಿ ಮುಂದೆ ಅರ್ಥವಿಲ್ಲದ ಅಕ್ಷರ, ಅಂಕಿಗಳು ಇರುತ್ತವೆ.

ಇವೆರಡರ ಕೆಳಗೆ ಮೂರನೆಯದೊಂದಿದೆ: ಚಾನೆಲ್ ಐಡಿ. `UC` ಎಂದು ಶುರುವಾಗುವ 24 ಅಕ್ಷರಗಳ ಸಾಲು ಅದು. ಹೊಲದ ಸರ್ವೇ ನಂಬರ್ ಹೇಗೋ ಹಾಗೆ. ಹೊಲವನ್ನು ನೀವು "ಕೆರಿ ಹೊಲ" ಅನ್ನಿ, "ದೊಡ್ಡ ಹೊಲ" ಅನ್ನಿ, ಸರ್ವೇ ನಂಬರ್ ಬದಲಾಗಲ್ಲ. ಇದು ಕೊನೆಗೆ ಒಂದು ಕಡೆ ನಮ್ಮ ಉಪಯೋಗಕ್ಕೆ ಬರುತ್ತೆ, ನೆನಪಿರಲಿ.

ಹ್ಯಾಂಡಲ್ಲನ್ನೂ ಕನ್ನಡ ಅಕ್ಷರದಲ್ಲೇ ಇಡಬಾರದೇ?

ಆಸೆ ನನಗೂ ಇದೆ. ಇಂಗ್ಲಿಷ್ ಅಲ್ಲದ ಲಿಪಿಗಳ ಹ್ಯಾಂಡಲ್ಲನ್ನೂ ಯೂಟ್ಯೂಬ್ ಒಪ್ಪುತ್ತೆ. ಆದರೂ ನಾನು ಬೇಡ ಅಂತಲೇ ಹೇಳ್ತೇನೆ, ಅದಕ್ಕೆ ಕಾರಣ ಇದೆ.

ಮೊದಲನೆಯದು ಲಿಂಕಿನ ಪಾಡು. ಕನ್ನಡ ಅಕ್ಷರ ಇರುವ ವಿಳಾಸವನ್ನು ಬ್ರೌಸರ್‌ನಿಂದ ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿದರೆ ಬಹಳ ಸಲ ಕನ್ನಡ ಮಾಯವಾಗಿ ಹೀಗೆ ಬೀಳುತ್ತೆ:

```
@ಬಿಸಿ
@%E0%B2%AC%E0%B2%BF%E0%B2%B8%E0%B2%BF
```

ಎರಡೂ ಒಂದೇ ಪದ. "ಬಿಸಿ" ನಮ್ಮ ಕಣ್ಣಿಗೆ ಎರಡು ಅಕ್ಷರ. ಕಂಪ್ಯೂಟರ್‌ಗೆ ಅದು ಬ, ಗುಡಿಸು, ಸ, ಗುಡಿಸು ಎಂಬ ನಾಲ್ಕು ಗುರುತು. ವಿಳಾಸದಲ್ಲಿ ಒಂದೊಂದು ಗುರುತೂ ಒಂಬತ್ತು ಅಕ್ಷರಗಳಾಗಿ ಬಿಚ್ಚಿಕೊಳ್ಳುತ್ತೆ. ಎರಡಕ್ಷರದ ಪದಕ್ಕೆ 36 ಅಕ್ಷರದ ಬಾಲ. ಅದನ್ನು ನೋಡಿದ ಜನ ಇದೇನೋ ಮೋಸದ ಲಿಂಕ್ ಅಂದುಕೊಂಡು ಒತ್ತೋದೇ ಇಲ್ಲ. ಅವರದು ತಪ್ಪೂ ಅಲ್ಲ.

ಎರಡನೆಯದು, ಇನ್‌ಸ್ಟಾಗ್ರಾಂ, ಟೆಲಿಗ್ರಾಂ, ಎಕ್ಸ್ ಇವು ಯಾವುವೂ ಬಳಕೆದಾರರ ಹೆಸರಿಗೆ ಕನ್ನಡ ಅಕ್ಷರ ಒಪ್ಪಲ್ಲ. ಅಲ್ಲಿ ಹೇಗಿದ್ದರೂ ಇಂಗ್ಲಿಷ್ ಅಕ್ಷರದ್ದೇ ಬೇಕು. ಆಗ ಒಂದು ಕಡೆ ಒಂದು, ಇನ್ನೊಂದು ಕಡೆ ಇನ್ನೊಂದು ಆಗುತ್ತೆ.

ಹಾಗಾಗಿ ನಾನು ಹೇಳೋದು ಇಷ್ಟು: ಚಾನೆಲ್ ಹೆಸರು ಕನ್ನಡ ಲಿಪಿಯಲ್ಲಿ, ಹ್ಯಾಂಡಲ್ ಇಂಗ್ಲಿಷ್ ಅಕ್ಷರದಲ್ಲಿ, ಎರಡರ ಉಚ್ಚಾರ ಒಂದೇ. ಯೂಟ್ಯೂಬ್ ಸ್ಟುಡಿಯೋದಲ್ಲಿ ಚಾನೆಲ್ ಹೆಸರಿನ ಹತ್ತಿರವೇ ಇನ್ನೊಂದು ಭಾಷೆ ಸೇರಿಸುವ ಆಯ್ಕೆ ಇದೆ. ಅಲ್ಲಿ ಇಂಗ್ಲಿಷ್ ರೂಪವನ್ನೂ ಕೊಟ್ಟರೆ, ಫೋನನ್ನು ಇಂಗ್ಲಿಷ್‌ನಲ್ಲಿ ಇಟ್ಟುಕೊಂಡವರಿಗೆ ಆ ರೂಪ ಕಾಣುತ್ತೆ.

ಕನ್ನಡದಲ್ಲಿ ಹೆಸರು ಸರಿಯಾಗೇ ಬರೆದಿದ್ದೇನೆ, ಆದ್ರೂ ಹುಡುಕಿದರೆ ಸಿಗಲ್ಲ. ಯಾಕೆ?

ಹೊಸ ಚಾನೆಲ್ ಆದರೆ ಹುಡುಕಾಟದಲ್ಲಿ ಮೇಲೆ ಬರೋಕೆ ಸಮಯ ಹಿಡಿಯುತ್ತೆ, ಅದು ಬೇರೆ ಮಾತು. ಆದರೆ ಒಂದು ಸಣ್ಣ ತಪ್ಪನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಹೆಸರಿನಲ್ಲಿ ಸೊನ್ನೆ ಇದ್ದರೆ ಅದನ್ನೊಮ್ಮೆ ಪರೀಕ್ಷೆ ಮಾಡಿ. ಅನುಸ್ವಾರ "ಂ" ಬೇರೆ, ಕನ್ನಡ ಅಂಕಿ ಸೊನ್ನೆ "೦" ಬೇರೆ. ಕಣ್ಣಿಗೆ ಎರಡೂ ಹೆಚ್ಚುಕಡಿಮೆ ಒಂದೇ. "ಗಂಗಾವತಿ" ಮತ್ತು "ಗ೦ಗಾವತಿ" ಇವೆರಡನ್ನು ಪಕ್ಕದಲ್ಲಿಟ್ಟರೂ ಬಹಳ ಜನರಿಗೆ ವ್ಯತ್ಯಾಸ ತಿಳಿಯಲ್ಲ. ಯಂತ್ರಕ್ಕೆ ಎರಡನೆಯದು ನಡುವೆ ಅಂಕಿ ಸಿಕ್ಕಿಕೊಂಡ ಬೇರೆಯೇ ಪದ.

ಕಂಡುಹಿಡಿಯೋದು ಸುಲಭ. ಕಂಪ್ಯೂಟರ್‌ನಲ್ಲಿ ಚಾನೆಲ್ ಪುಟ ತೆರೆದು `Ctrl+F` ಒತ್ತಿ, ಹೆಸರನ್ನು ನೀವೇ ಫೋನಿನ ಕೀಬೋರ್ಡ್‌ನಲ್ಲಿ ಟೈಪ್ ಮಾಡುವಂತೆ ಹೊಸದಾಗಿ ಟೈಪ್ ಮಾಡಿ. ಹೆಸರು ಬಣ್ಣದಲ್ಲಿ ಎದ್ದು ಕಾಣದಿದ್ದರೆ ಒಳಗೆ ಏನೋ ತಪ್ಪಿದೆ. ಫ್ಲೆಕ್ಸ್ ಮಾಡಿಸಿದ ಕಡೆಯಿಂದ ಬಂದ ಹಳೆ ಫೈಲಿನಿಂದ ಹೆಸರನ್ನು ಕಾಪಿ ಮಾಡಿ ಹಾಕಿದಾಗ ಇದು ಆಗೋದು ಹೆಚ್ಚು. ಕೈಯಾರೆ ಟೈಪ್ ಮಾಡಿ.

ಒಳ್ಳೆ ಹೆಸರು ಅಂತ ಗೊತ್ತಾಗೋದು ಹೇಗೆ? ಪರೀಕ್ಷೆ ಏನಾದರೂ ಇದೆಯಾ?

ಇದೆ. ಐದು ಜನಕ್ಕೆ ಫೋನ್ ಮಾಡಿ ಹೆಸರನ್ನು ಒಂದೇ ಸಲ ಬಾಯಲ್ಲಿ ಹೇಳಬೇಕು. ಬರೆದು ತೋರಿಸಬಾರದು, ಬಿಡಿಸಿ ಹೇಳಬಾರದು. "ಇದನ್ನ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ ವಾಟ್ಸಾಪ್‌ಗೆ ಕಳಸ್ರಿ" ಅಂದು ಸುಮ್ಮನಾಗಬೇಕು. ಐದರಲ್ಲಿ ನಾಲ್ಕು ಒಂದೇ ಥರ ಬಂದರೆ ಹೆಸರು ಗಟ್ಟಿ. ಮೂರು ಥರ ಬಂದರೆ ಎಷ್ಟೇ ಚೆಂದದ ಹೆಸರಾದರೂ ಕೈಬಿಡಿ. ಯಾಕಂದರೆ ನಮ್ಮ ಕಡೆ ಚಾನೆಲ್ ಹಬ್ಬೋದೇ ಬಾಯಿಂದ. ಸಂತೆಯಲ್ಲಿ, ಬಸ್ಸಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಒಬ್ಬರು ಹೇಳ್ತಾರೆ, ಇನ್ನೊಬ್ಬರು ಕೇಳಿಸಿಕೊಂಡು ಮನೆಗೆ ಹೋಗಿ ಟೈಪ್ ಮಾಡ್ತಾರೆ. ಕಿವಿಯಿಂದ ಬೆರಳಿಗೆ ಹೋಗುವ ದಾರಿಯಲ್ಲಿ ಹೆಸರು ಒಡೆಯಬಾರದು.

ಅಕ್ಕ ಮೊದಲು ತಂದ ಹೆಸರು "ಅವ್ವನ ಅಡಗಿ ಮನಿ". ಕೇಳೋಕೆ ಎಷ್ಟು ಹಿತ! ಐದು ಜನರಿಂದ ಬಂದದ್ದು ಇದು:

```
avvana adagi mani
avvana adige mane
awwana adgi mani
avana aduge mane
avvan adagimani
```

ಒಂದೂ ಇನ್ನೊಂದರಂತಿಲ್ಲ. ಅದರಲ್ಲೂ ನಾಲ್ಕನೆಯದರಲ್ಲಿ ಒಂದು `v` ಬಿದ್ದುಹೋಗಿ "ಅವ್ವ" ಹೋಗಿ "ಅವನು" ಬಂದ.

ಎರಡನೇ ಹೆಸರು "ಒಗ್ಗರಣಿ". ನಮ್ಮ ಕಡೆ ಒಗ್ಗರಣಿ-ಮಿರ್ಚಿ ಅಂದರೆ ಸಾಕು, ಮಂಡಾಳಿನ ತಟ್ಟೆಯೇ ಕಣ್ಣ ಮುಂದೆ ಬರುತ್ತೆ. ಆದರೆ ಪದ ಶುರುವಾಗೋದು "ಒ" ಸ್ವರದಿಂದ. ಇಬ್ಬರು `oggarani` ಬರೆದರು, ಒಬ್ಬರು `voggarani`, ಒಬ್ಬರು `vaggarani`, ಮೈಸೂರು ಕಡೆ ಇರುವ ಅಕ್ಕನ ಮಗಳು `oggarane`. ಮೊದಲ ಅಕ್ಷರವೇ ಕೈಕೊಟ್ಟರೆ ಹುಡುಕುವಾಗ ಸೂಚನೆಯಾಗಿ ಬರುವ ಸಾಲಿನಲ್ಲೂ ನಮ್ಮ ಹೆಸರು ಬರೋದು ಕಷ್ಟ.

ಮೂರನೆಯದು "ರೊಟ್ಟಿ ಬುತ್ತಿ". ಇದರ ಮೇಲೆ ನನಗೇ ಆಸೆ ಇತ್ತು. `rottibutti` ಚೆನ್ನಾಗೇ ಕಾಣುತ್ತೆ. ಆದರೆ ಅದನ್ನು ತಿರುಗಿ ಓದೋಕೆ ಕೊಟ್ಟಾಗ ಇಬ್ಬರು "ರೊಟ್ಟಿ ಬುಟ್ಟಿ" ಎಂದು ಓದಿದರು. ಇಂಗ್ಲಿಷ್‌ನ `tt` ನಮ್ಮ "ಟ್ಟ"ನೂ ಹೌದು, "ತ್ತ"ನೂ ಹೌದು. `th` ಹಾಕಿ `buththi` ಮಾಡಿದರೆ ಓದೋಕೇ ಆಗದು.

ಕೊನೆಗೆ ಉಳಿದದ್ದು "ಬಿಸಿ ಹಂಚು". ಒಲೆ ಮೇಲಿನ ಹಂಚು ಬಿಸಿಯಾಗಿದೆ ಅನ್ನೋ ಅರ್ಥ ಒಂದು. ಬಿಸಿ ಇರುವಾಗಲೇ ನಾಲ್ಕು ಜನಕ್ಕೆ ಹಂಚು ಅನ್ನೋದು ಇನ್ನೊಂದು. ಐದರಲ್ಲಿ ನಾಲ್ವರು `bisihanchu` ಅಥವಾ `bisi hanchu` ಅಂತಲೇ ಕಳಿಸಿದರು. ಹ್ಯಾಂಡಲ್‌ನಲ್ಲಿ ಜಾಗ ಇರೋದಿಲ್ಲವಾದ್ದರಿಂದ ಎರಡೂ ಒಂದೇ. ಐದನೆಯವರು `bisihenchu` ಬರೆದರು. ದಕ್ಷಿಣದ ಕಡೆ ಅದು ಹೆಂಚು ಅನ್ನೋದು ನಿಜ. ಅಷ್ಟು ತಪ್ಪನ್ನು ಸಹಿಸಬಹುದು. ಹತ್ತೇ ಅಕ್ಷರ, ಒತ್ತಕ್ಷರ ಇಲ್ಲ, ದೀರ್ಘ ಇಲ್ಲ.

ಹಾಗಾದರೆ ಯಾವ ಅಕ್ಷರಗಳಿಂದ ದೂರ ಇರಬೇಕು?

ಕನ್ನಡದಲ್ಲಿ ಖಚಿತವಾಗಿದ್ದು ಇಂಗ್ಲಿಷ್ ಅಕ್ಷರಕ್ಕೆ ಬಂದಾಗ ಎರಡಾಗಿ ಸೀಳುವ ಧ್ವನಿಗಳು ಇವು. ದೀರ್ಘ ಸ್ವರಗಳು ಮೊದಲು: "ಆ" ಬಂದರೆ ಒಬ್ಬರು `a` ಹಾಕ್ತಾರೆ, ಇನ್ನೊಬ್ಬರು `aa`. "ಈ"ಗೆ `i` ಅಥವಾ `ee`. "ಊ"ಗೆ `u` ಅಥವಾ `oo`. ಹೀಗಾಗಿ ನಮ್ಮ "ಊರು" `uru`, `ooru`, `ur` ಮೂರೂ ಆಗುತ್ತೆ. ಆಮೇಲೆ "ತ"ಕ್ಕೆ `t` ಮತ್ತು `th`, "ವ"ಕ್ಕೆ `v` ಮತ್ತು `w`, ಪದದ ಮೊದಲಿಗೆ ಬರುವ "ಎ"ಗೆ `e` ಮತ್ತು `ye`, "ಒ"ಗೆ `o` ಮತ್ತು `vo`. ಲ-ಳ, ನ-ಣ, ಶ-ಷ ಇವು ಬರೆಯುವಾಗ ಅಷ್ಟು ಕಾಡಲ್ಲ, ಓದುವಾಗ ಕಾಡುತ್ತವೆ. ಹೊಲ ಉತ್ತವರ ಚಾನೆಲ್‌ಗೆ `kale` ಅಂತ ಇಟ್ಟರೆ ಅದು ಕಳೆಯೋ, ಕಲೆಯೋ, ಕಾಳೆಯೋ?

ಅಷ್ಟೊಂದು ಗೊಂದಲ ಮಾಡದ ಧ್ವನಿಗಳೂ ಇವೆ: ಕ, ಗ, ಚ, ನ, ಬ, ಮ, ರ, ಸ, ಹ, ಅವುಗಳ ಜೊತೆಗೆ ಹ್ರಸ್ವ ಅ, ಇ, ಉ. "ಬಿಸಿ ಹಂಚು" ಪೂರ್ತಿ ಈ ಗುಂಪಿನದೇ ಅನ್ನೋದನ್ನು ಗಮನಿಸಿ. ಹೀಗೇ ಆಗಬೇಕು ಅಂತ ಇಲ್ಲ. ಒಂದು ಹೆಸರಿನಲ್ಲಿ ಸೀಳುವ ಧ್ವನಿ ಒಂದಿದ್ದರೆ ತಡೆಯುತ್ತೆ. ಎರಡಿದ್ದರೆ ನಾಲ್ಕು ರೂಪ, ಮೂರಿದ್ದರೆ ಎಂಟು ರೂಪ ಆಗುತ್ತೆ. ಅಕ್ಕನ ಮೊದಲ ಹೆಸರಿಗೆ ಆದದ್ದು ಅದೇ.

ನಮ್ಮ ಕಡೆ ಮಾತಿನ ಹಾಗೆ ಇಡಬೇಕಾ, ಪುಸ್ತಕದ ಕನ್ನಡದಲ್ಲಾ?

ನಮ್ಮ ಮಾತಿನಲ್ಲಿ ಪದದ ಕೊನೆಯ "ಎ" ಬಹಳ ಸಲ "ಇ" ಆಗುತ್ತೆ. ಮನೆ ಮನಿ, ಗದ್ದೆ ಗದ್ದಿ, ಅಡುಗೆ ಅಡಗಿ. ವಿಡಿಯೋದಲ್ಲಿ ಆ ಮಾತೇ ನಿಮ್ಮ ಸೊಗಸು, ಅದನ್ನು ಬಿಡಬೇಡಿ. ಹೆಸರಿನಲ್ಲಿ ಮಾತ್ರ ಅದು ತೊಡಕು. ರಾಯಚೂರಿನವರು `mani` ಟೈಪ್ ಮಾಡಿದರೆ ಹಾಸನದವರು `mane` ಮಾಡ್ತಾರೆ. ಇನ್ನು `mani` ಅಂತ ಇಂಗ್ಲಿಷ್ ಅಕ್ಷರದಲ್ಲಿ ಕಂಡವರು ಅದನ್ನು ಮಣಿ ಅಂತಲೋ ಯಾರದೋ ಹೆಸರು ಅಂತಲೋ ಓದ್ತಾರೆ.

ನನ್ನ ಸಲಹೆ: ಎರಡೂ ಕಡೆ ಒಂದೇ ಥರ ಉಚ್ಚರಿಸುವ ಪದ ಹುಡುಕಿ. "ಉ"ನಿಂದ ಮುಗಿಯುವ ಪದಗಳು, ಅಂದರೆ ಹಂಚು, ಬದು, ಕಬ್ಬು, ಹಬ್ಬಿದ ಬಳ್ಳಿಯ ಹಂಬು ಇಂಥವು ಕೈ ಕೊಡಲ್ಲ. "ರೊಟ್ಟಿ"ಯಂತೆ ಮೊದಲೇ "ಇ"ನಿಂದ ಮುಗಿಯುವವೂ ಸರಿ. ಇಲ್ಲ, ನನಗೆ "ಮನಿ"ಯೇ ಬೇಕು ಅನ್ನುವವರು ಅದನ್ನು ಕನ್ನಡ ಲಿಪಿಯ ಚಾನೆಲ್ ಹೆಸರಿನಲ್ಲಿ ಇಟ್ಟುಕೊಳ್ಳಿ, ಹ್ಯಾಂಡಲ್‌ನಲ್ಲಿ ಆ ಪದ ಬೇಡ.

ಊರಿನ ಹೆಸರು ಸೇರಿಸಿದರೆ ಒಳ್ಳೇದಲ್ವಾ?

ಊರಿನ ಸುದ್ದಿಯೇ ನಿಮ್ಮ ವಿಷಯ ಆದರೆ ಸೇರಿಸಿ. ಅಡುಗೆ, ಪಾಠ, ಟ್ರ್ಯಾಕ್ಟರ್ ರಿಪೇರಿ, ಹಾಡು ಇಂಥದ್ದಾದರೆ ಎರಡು ಸಲ ಯೋಚಿಸಿ. ಊರಿನ ಹೆಸರು ಶಾಶ್ವತ ಅಂದುಕೊಳ್ತೇವೆ. ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳ ಕಡೆ ಹತ್ತು ವರ್ಷದೊಳಗೆ ಏನೇನಾಯಿತು ನೋಡಿ. 2014ರ ನವೆಂಬರ್ 1ಕ್ಕೆ `Bellary` ಹೋಗಿ `Ballari` ಬಂತು. ಹಳೆ ಅಕ್ಷರದಲ್ಲಿ ಹ್ಯಾಂಡಲ್, ವೆಬ್‌ಸೈಟ್ ಮಾಡಿಕೊಂಡವರು ಇವತ್ತಿಗೂ ಎರಡನ್ನೂ ಬರೆಯಬೇಕು. 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕ ಆಯಿತು. ಹೆಸರಿನಲ್ಲಿ `HK` ಇಟ್ಟುಕೊಂಡವರಿಗೆ ಈಗ ಅದನ್ನು ಬಿಡಿಸಿ ಹೇಳುವ ಕೆಲಸ. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಬೇರೆ ಆಯಿತು, ಹೊಸಪೇಟೆ ಅದರ ಜಿಲ್ಲಾ ಕೇಂದ್ರವಾಯಿತು. ಅಷ್ಟು ದಿನ ಹಂಪಿಯನ್ನು ಬಳ್ಳಾರಿ ಹೆಸರಿನಲ್ಲಿ ತೋರಿಸುತ್ತಿದ್ದವರ ಹೆಸರು ಮತ್ತು ವಿಷಯ ಬೇರೆ ಬೇರೆ ಜಿಲ್ಲೆಗೆ ಸೇರಿದವು. ಕೊಪ್ಪಳವೂ 1997ರವರೆಗೆ ರಾಯಚೂರಿನ ಒಳಗೇ ಇತ್ತಲ್ಲ.

ಇದರ ಮೇಲೆ ನಮ್ಮ ಊರ ಹೆಸರುಗಳೇ ಒಂದೊಂದು ಥರ. `Gangavathi` ಮತ್ತು `Gangavati` ಎರಡೂ ಬೋರ್ಡುಗಳ ಮೇಲಿವೆ. ಕಿನ್ನಾಳದ ಬೊಂಬೆಯನ್ನು `Kinhal` ಅಂತಲೂ ಬರೀತಾರೆ, `Kinnal` ಅಂತಲೂ ಬರೀತಾರೆ. ಕಿನ್ನಾಳ ಬೊಂಬೆಗೆ ಭೌಗೋಳಿಕ ಗುರುತಿನ ನೋಂದಣಿಯೂ ಇದೆ. ಹಾಗಾಗಿ ಅಲ್ಲಿಯ ಕೆಲಸ ಅಲ್ಲದ ಬೊಂಬೆ ಮಾರುವವರು ಆ ಹೆಸರಿಗೆ ಕೈಹಾಕಲೇಬಾರದು.

ನದಿ, ಬೆಟ್ಟ, ಕಾಲುವೆಯ ಹೆಸರುಗಳು ಆಡಳಿತದ ಜೊತೆ ಬದಲಾಗಲ್ಲ, ಅವು ಪರವಾಗಿಲ್ಲ. ಆದರೆ ಅಕ್ಷರ ಎಣಿಸಿ: `tungabhadra` ಒಂದೇ 11 ಅಕ್ಷರ, ಅದರ `bh` ಒಳಗಿನ `h` ಎಷ್ಟೋ ಜನ ಬಿಡ್ತಾರೆ.

ನಮ್ಮ ಕಡೆ ತೆಲುಗು, ಉರ್ದು ಮಾತಾಡುವವರೂ ನೋಡ್ತಾರೆ. ಅದನ್ನೂ ನೋಡಬೇಕಾ?

ಖಂಡಿತ ನೋಡಬೇಕು. ಒಬ್ಬ ಹುಡುಗ ಬಳ್ಳಾರಿಯ ಕೋಟೆ, ಬೆಟ್ಟಗಳ ವಿಡಿಯೋ ಮಾಡ್ತೀನಿ ಅಂತ ಹೆಸರಿನಲ್ಲಿ "ಗುಡ್ಡ" ಇಟ್ಟುಕೊಂಡು ಬಂದಿದ್ದ. ಕನ್ನಡದಲ್ಲಿ ಎಷ್ಟು ಒಳ್ಳೆ ಪದ! ಇಂಗ್ಲಿಷ್ ಅಕ್ಷರದಲ್ಲಿ `gudda` ಆದಾಗ "ಡ್ಡ" ಮತ್ತು "ದ್ದ"ದ ಗೆರೆ ಅಳಿಸಿಹೋಗುತ್ತೆ, ಆಗ ತೆಲುಗಿನವರು ಅದನ್ನು ಮನೆಮಂದಿಯ ಮುಂದೆ ಹೇಳಲಾಗದ ಪದವಾಗಿ ಓದಬಹುದು. ಪಕ್ಕದ ಅಂಗಡಿಯ ತೆಲುಗು ಮಾತಾಡುವ ಅಣ್ಣನನ್ನು ಕರೆದು ತೋರಿಸಿದ ಮೇಲೆಯೇ ಹುಡುಗನಿಗೆ ನಂಬಿಕೆ ಬಂದದ್ದು. ಹ್ಯಾಂಡಲ್ ಆಯ್ಕೆ ಆದ ಮೇಲೆ ತೆಲುಗು ಬಲ್ಲವರೊಬ್ಬರಿಗೆ, ಉರ್ದು ಬಲ್ಲವರೊಬ್ಬರಿಗೆ ಇಂಗ್ಲಿಷ್ ಅಕ್ಷರದಲ್ಲಿ ತೋರಿಸಿ, ಜೋರಾಗಿ ಓದಿಸಿ. ಎರಡು ನಿಮಿಷದ ಕೆಲಸ.

ಚುಕ್ಕೆ, ಅಂಡರ್‌ಸ್ಕೋರ್, ಅಂಕಿ ಹಾಕಬಹುದಾ? ಎಷ್ಟು ಉದ್ದ ಇರಬೇಕು?

ಯೂಟ್ಯೂಬ್ ಒಂದನ್ನೇ ನೋಡಿದರೆ 3ರಿಂದ 30 ಅಕ್ಷರದವರೆಗೆ ಅವಕಾಶ ಇದೆ, ಚುಕ್ಕೆ, ಅಂಡರ್‌ಸ್ಕೋರ್, ಅಡ್ಡಗೆರೆ ಎಲ್ಲ ನಡೆಯುತ್ತೆ. ಆದರೆ ಅದೇ ಹೆಸರು ಬೇರೆ ಕಡೆಯೂ ಬೇಕಲ್ಲ. ಇನ್‌ಸ್ಟಾಗ್ರಾಂನಲ್ಲಿ ಅಡ್ಡಗೆರೆ ಇಲ್ಲ. ಟೆಲಿಗ್ರಾಂ ಮತ್ತು ಎಕ್ಸ್‌ನಲ್ಲಿ ಚುಕ್ಕೆ ಇಲ್ಲ. ಎಕ್ಸ್‌ನಲ್ಲಿ 15 ಅಕ್ಷರ ಮೀರುವಂತಿಲ್ಲ. ಫೇಸ್‌ಬುಕ್, ಟೆಲಿಗ್ರಾಂಗಳಲ್ಲಿ ಐದಕ್ಕಿಂತ ಕಡಿಮೆ ಆಗುವಂತಿಲ್ಲ. ಎಲ್ಲವನ್ನೂ ಒಂದರ ಮೇಲೊಂದು ಇಟ್ಟು ನೋಡಿದರೆ ಉಳಿಯುವ ಜಾಗ ಇಷ್ಟೇ: ಬರೀ ಅಕ್ಷರಗಳು, ಐದರಿಂದ ಹದಿನೈದು. ಇದನ್ನೇ ಅಳತೆಗೋಲು ಮಾಡಿಕೊಳ್ಳಿ.

ಚುಕ್ಕೆ, ಗೆರೆಗಳಿಗೆ ಇನ್ನೊಂದು ತೊಂದರೆ ಇದೆ, ಅವನ್ನು ಬಾಯಲ್ಲಿ ಹೇಳಬೇಕಾಗುತ್ತೆ. "ಬಿಸಿ, ಆಮೇಲೆ ಕೆಳಗೊಂದು ಗೆರೆ, ಆಮೇಲೆ ಹಂಚು" ಅಂತ ಸಂತೆಯಲ್ಲಿ ನಿಂತು ಯಾರಿಗೆ ಹೇಳ್ತೀರಿ? ಮೇಲಾಗಿ ನಿಮ್ಮ ಹೆಸರಿನಲ್ಲಿ ನಕಲಿ ಖಾತೆ ಮಾಡುವವರು ಬಾಲಕ್ಕೊಂದು ಅಂಡರ್‌ಸ್ಕೋರ್ ಅಂಟಿಸ್ತಾರೆ. ನಿಮ್ಮದೇ ಹೆಸರಿನಲ್ಲಿ ಗೆರೆಗಳಿದ್ದರೆ ಅಸಲಿ ಯಾವುದು ಅಂತ ನೋಡುವವರಿಗೆ ತಿಳಿಯಲ್ಲ. ಬರೀ ಅಕ್ಷರದ ಹೆಸರಿದ್ದರೆ "ಗೆರೆ ಇದ್ದದ್ದು ನಮ್ಮದಲ್ಲ" ಅಂತ ಒಂದೇ ಮಾತಲ್ಲಿ ಹೇಳಬಹುದು. ದೊಡ್ಡಕ್ಷರ, ಚಿಕ್ಕಕ್ಷರ ಹೇಗೆ ಟೈಪ್ ಮಾಡಿದರೂ ಯೂಟ್ಯೂಬ್‌ಗೆ ಒಂದೇ. ಅದರ ಚಿಂತೆ ಬೇಡ.

ಅಂಕಿಯ ಮಾತು: ಹುಟ್ಟಿದ ವರ್ಷ, ಗಾಡಿ ನಂಬರ್, ಪಿನ್‌ಕೋಡ್ ಯಾವುದೂ ಬೇಡ. ಫೋನ್ ನಂಬರಿನಂತೆ ಕಾಣುವ ಹ್ಯಾಂಡಲ್ಲನ್ನು ಯೂಟ್ಯೂಬ್ ಒಪ್ಪೋದೂ ಇಲ್ಲ.

ನಾನು ಆರಿಸಿದ್ದು ಬೇರೆಯವರು ಆಗಲೇ ತಗೊಂಡಿದ್ದರೆ?

ಕೊನೆಗೆ `official`, `real` ಅಥವಾ `1` ಸೇರಿಸೋದೇ ಎಲ್ಲರೂ ಮಾಡುವ ಕೆಲಸ. ಅದನ್ನು ಮಾಡಬೇಡಿ. ಮೊದಲು ಆ ಖಾತೆ ತೆರೆದು ನೋಡಿ. ಅವರೂ ನಿಮ್ಮ ವಿಷಯವನ್ನೇ ಮಾಡುತ್ತಿದ್ದರೆ ಹೆಸರನ್ನೇ ಬಿಟ್ಟುಬಿಡಿ. ನಿಮ್ಮ ಬಗ್ಗೆ ಕೇಳಿದವರೆಲ್ಲ ಅವರ ಬಾಗಿಲಿಗೆ ಹೋಗ್ತಾರೆ. ಬೇರೆ ವಿಷಯ, ಬೇರೆ ಭಾಷೆ ಆಗಿದ್ದರೆ ಅರ್ಥ ಕೊಡುವ ಒಂದು ಪದ ಸೇರಿಸಿ. "ಬಿಸಿ ಹಂಚು" ಸಿಗದಿದ್ದರೆ `bisihanchurotti` ನಮ್ಮ ಎರಡನೇ ಆಯ್ಕೆಯಾಗಿತ್ತು, ಸರಿಯಾಗಿ 15 ಅಕ್ಷರ. ಹ್ಯಾಂಡಲ್ ಬಿಟ್ಟುಕೊಡ್ತೀನಿ ದುಡ್ಡು ಕೊಡಿ ಅನ್ನುವವರಿಗೆ ಒಂದು ರೂಪಾಯಿಯೂ ಕೊಡಬೇಡಿ.

ಈಗ ಏನೋ ಒಂದು ಇಟ್ಟು ಆಮೇಲೆ ಬದಲಾಯಿಸಿದರೆ ಆಗಲ್ವಾ?

ಆಗುತ್ತೆ, 14 ದಿನದೊಳಗೆ ಎರಡು ಸಲ ಬದಲಾಯಿಸಬಹುದು. ತೊಂದರೆ ಇರೋದು ಹಳೆಯದರ ಗತಿಯಲ್ಲಿ. ಹಳೆ ಹ್ಯಾಂಡಲ್ಲನ್ನು ಯೂಟ್ಯೂಬ್ ನಿಮ್ಮ ಹೆಸರಿನಲ್ಲಿ 14 ದಿನ ಕಾದಿಡುತ್ತೆ. ಅಷ್ಟು ದಿನ ಹಳೆ ಲಿಂಕ್ ಕೂಡ ನಡೆಯುತ್ತೆ. ಆಮೇಲೆ ಅದು ಯಾರಿಗೆ ಬೇಕಾದರೂ ಸಿಗಬಹುದು. ನೀವು ಎರಡು ವರ್ಷ ಆ ಹೆಸರನ್ನು ಪ್ಯಾಕೆಟ್ ಮೇಲೆ, ಆಟೋ ಹಿಂದೆ, ಲಗ್ನಪತ್ರಿಕೆಯ ಕೆಳಗೆ ಅಚ್ಚು ಹಾಕಿಸಿದ್ದೀರಿ ಅಂದುಕೊಳ್ಳಿ. ಹದಿನೈದನೇ ದಿನ ಬೇರೆ ಯಾರೋ ಅದನ್ನು ಹಿಡಿದರೆ ನಿಮ್ಮ ಪ್ಯಾಕೆಟ್ಟೇ ಅವರ ಜಾಹೀರಾತು. ಅವರು ಕೆಟ್ಟ ವಿಡಿಯೋ ಹಾಕಿದರೆ, ನಿಮ್ಮ ಹೆಸರಿನಲ್ಲಿ ಮುಂಗಡ ಹಣ ಕೇಳಿದರೆ ಬೈಗುಳ ಬರೋದು ನಿಮಗೆ.

ಚಾನೆಲ್ ಹೆಸರು ಬದಲಾಯಿಸೋದು ಇದರಷ್ಟು ಅಪಾಯ ಅಲ್ಲ. ಆದರೆ ಒಂದು ಲಕ್ಷ ಚಂದಾದಾರರಾದ ಮೇಲೆ ಅರ್ಜಿ ಹಾಕಿ ಪಡೆದ ಪರಿಶೀಲನೆಯ ಗುರುತು ಇದ್ದರೆ, ಹೆಸರು ಬದಲಾದಾಗ ಅದು ಹೋಗುತ್ತೆ, ಮತ್ತೆ ಅರ್ಜಿ ಹಾಕಬೇಕು.

ಟ್ರೇಡ್‌ಮಾರ್ಕ್ ಎಲ್ಲ ನಮ್ಮಂಥ ಸಣ್ಣವರಿಗೆ ಬೇಕಾ?

ನೋಂದಣಿ ಮಾಡಿಸೋದು ಆಮೇಲಿನ ಮಾತು. ಹುಡುಕಿ ನೋಡೋದು ಮಾತ್ರ ಮೊದಲ ದಿನವೇ ಆಗಬೇಕು. ಕೇಂದ್ರ ಸರ್ಕಾರದ ಟ್ರೇಡ್‌ಮಾರ್ಕ್ ಜಾಲತಾಣದಲ್ಲಿ ಯಾರು ಬೇಕಾದರೂ ಹಣ ಕೊಡದೆ ಹುಡುಕಬಹುದು. ಅಕ್ಷರದಿಂದ ಹುಡುಕುವ ಹಾಗೆಯೇ ಉಚ್ಚಾರದಿಂದ ಹುಡುಕುವ ಆಯ್ಕೆಯೂ ಇದೆ, ನಮಗೆ ಬೇಕಾದದ್ದು ಅದೇ. ರೊಟ್ಟಿ, ಮಸಾಲೆಯಂಥ ತಿನಿಸು 30ನೇ ವರ್ಗದಲ್ಲಿ ಬರುತ್ತೆ, ವಿಡಿಯೋ ಮನರಂಜನೆ, ಪಾಠ ಇವು 41ನೇ ವರ್ಗ. ಅಕ್ಕನಿಗಾಗಿ ಎರಡರಲ್ಲೂ ನೋಡಿದೆವು. ಬರೀ ವಿಡಿಯೋ ಅಂದುಕೊಂಡು ಒಂದರಲ್ಲೇ ನೋಡಿದರೆ ನಾಳೆ ಪ್ಯಾಕೆಟ್ ಮಾರುವಾಗ ನೋಟಿಸ್ ಬರಬಹುದು.

ವ್ಯಾಪಾರ ನೆಲೆ ಕಂಡ ಮೇಲೆ ನೋಂದಣಿ ಮಾಡಿಸುವುದಾದರೆ, ವ್ಯಕ್ತಿಯಾಗಿ ಆನ್‌ಲೈನ್ ಅರ್ಜಿ ಹಾಕುವವರಿಗೆ ಒಂದು ವರ್ಗಕ್ಕೆ ಸರ್ಕಾರಿ ಶುಲ್ಕ 4,500 ರೂಪಾಯಿ. ನೋಂದಣಿ ಹತ್ತು ವರ್ಷ ನಡೆಯುತ್ತೆ, ಆಮೇಲೆ ನವೀಕರಣ. ಒಂದು ಮಾತು ತಿಳಿದಿರಲಿ: "ಖಡಕ್ ರೊಟ್ಟಿ" ಅಂತಲೇ ಹೆಸರಿಟ್ಟರೆ ಅದನ್ನು ನಿಮ್ಮದೊಬ್ಬರದೇ ಮಾಡಿಕೊಳ್ಳೋದು ಕಷ್ಟ. ಅದು ಸರಕಿನ ಹೆಸರು, ಎಲ್ಲರಿಗೂ ಸೇರಿದ್ದು.

ನಟರ ಹೆಸರು, ಮಕ್ಕಳ ಹೆಸರು, ಜಾತಿ ಹೆಸರು?

ಮೂರೂ ಬೇಡ. ನಟರ, ರಾಜಕಾರಣಿಗಳ ಹೆಸರು ನಿಮ್ಮದಲ್ಲ, ಯಾವತ್ತು ಬೇಕಾದರೂ ದೂರು ಬರಬಹುದು. ಮಗುವಿನ ಹೆಸರಿಟ್ಟರೆ ಅದು ದೊಡ್ಡದಾಗಿ ಕಾಲೇಜಿಗೆ ಹೋದ ಮೇಲೂ ಆ ವಿಡಿಯೋಗಳು ಬೆನ್ನು ಬಿಡಲ್ಲ, ಅದರ ಒಪ್ಪಿಗೆಯನ್ನು ನಾವು ಕೇಳಿಲ್ಲ.

ಚಾನೆಲ್ ಯಾರ ಜಿಮೇಲ್‌ನಲ್ಲಿ ಮಾಡಬೇಕು?

ನಿಮ್ಮದೇ ಜಿಮೇಲ್, ನಿಮ್ಮದೇ ಫೋನ್ ನಂಬರ್. ಇದು ಹೆಸರಿನ ಪ್ರಶ್ನೆ ಅಲ್ಲ ಅನಿಸಬಹುದು, ಆದರೆ ಹ್ಯಾಂಡಲ್‌ನ ಒಡೆತನ ಖಾತೆಯ ಜೊತೆ ಹೋಗುತ್ತೆ. ನನ್ನ ತಮ್ಮನೇ ಇದರಲ್ಲಿ ಏಟು ತಿಂದ. ಮೊಬೈಲ್ ಅಂಗಡಿಯೊಂದರಲ್ಲಿ ಹೊಸ ಫೋನ್ ತಗೊಂಡಾಗ ಅಲ್ಲಿಯ ಹುಡುಗ ತನ್ನ ಬಳಿಯಿದ್ದ ಯಾವುದೋ ಜಿಮೇಲ್ ಹಾಕಿ ಕೊಟ್ಟಿದ್ದ. ತಮ್ಮ ಅದರಲ್ಲೇ ಡೊಳ್ಳಿನ ಪದಗಳ ಚಾನೆಲ್ ಶುರು ಮಾಡಿದ. ಒಂದೂವರೆ ವರ್ಷದ ಮೇಲೆ ಫೋನ್ ಒಡೆಯಿತು. ಪಾಸ್‌ವರ್ಡ್ ಗೊತ್ತಿಲ್ಲ, ಸಂಕೇತ ಹೋಗೋ ನಂಬರ್ ಯಾರದೋ, ಆ ಹುಡುಗ ಊರು ಬಿಟ್ಟಿದ್ದ. ಹಾಡುಗಳು ಇವತ್ತಿಗೂ ಅಲ್ಲಿವೆ, ಹ್ಯಾಂಡಲ್ಲೂ ಅಲ್ಲೇ ಇದೆ, ತಮ್ಮ ಬೇರೆ ಹೆಸರಿನಲ್ಲಿ ಮೊದಲಿಂದ ಶುರು ಮಾಡಿದ. ನನ್ನ ಸೆಂಟರ್‌ಗೆ ಬಂದವರಿಗೆ ಈಗ ನಾನು ಮೊದಲು ಕೇಳೋದು "ಸಿಮ್ ಯಾರ ಹೆಸರಲ್ಲಿದೆ?" ಅಂತ.

ಪ್ಯಾಕೆಟ್ ಮೇಲೆ, ಬೋರ್ಡ್ ಮೇಲೆ ಹೇಗೆ ಬರೆಸಬೇಕು?

ಅಕ್ಕನ ರೊಟ್ಟಿ ಪ್ಯಾಕೆಟ್ ಮೇಲೆ ದೊಡ್ಡದಾಗಿ ಕನ್ನಡದಲ್ಲಿ "ಬಿಸಿ ಹಂಚು", ಅದರ ಕೆಳಗೆ ಚಿಕ್ಕಕ್ಷರದಲ್ಲಿ `@bisihanchu`, ಬದಿಗೆ ಕ್ಯೂಆರ್ ಕೋಡ್ ಹಾಕಿಸಿದೆವು. ಅಚ್ಚು ಹಾಕುವವರು ಇಂಗ್ಲಿಷ್ ಸಾಲನ್ನು ಪೂರ್ತಿ ದೊಡ್ಡಕ್ಷರದಲ್ಲಿ ಹಾಕೋಕೆ ಹೊರಟಿದ್ದರು. ನಾನು ತಡೆದೆ, ಯಾಕಂದರೆ ಫೋನಿನಲ್ಲಿ ಜನ ಕಾಣೋದು, ಟೈಪ್ ಮಾಡೋದು ಚಿಕ್ಕಕ್ಷರದಲ್ಲೇ.

ಕ್ಯೂಆರ್ ಒಳಗೆ ನಾವು ಹಾಕಿದ್ದು ಹ್ಯಾಂಡಲ್‌ನ ಲಿಂಕ್ ಅಲ್ಲ, ಮೊದಲು ಹೇಳಿದ ಚಾನೆಲ್ ಐಡಿಯ ಲಿಂಕ್:

```
https://www.youtube.com/channel/UC…
```

ಚುಕ್ಕೆಗಳ ಜಾಗದಲ್ಲಿ ನಿಮ್ಮ ಐಡಿಯ ಉಳಿದ ಅಕ್ಷರಗಳು ಬರುತ್ತವೆ. ಯೂಟ್ಯೂಬ್ ಸೆಟ್ಟಿಂಗ್ಸ್‌ನ ಅಡ್ವಾನ್ಸ್‌ಡ್ ಭಾಗದಲ್ಲಿ ಅದು ಸಿಗುತ್ತೆ. ನಾಳೆ ಯಾವ ಕಾರಣಕ್ಕೋ ಹ್ಯಾಂಡಲ್ ಬದಲಾದರೂ ಆ ಕ್ಯೂಆರ್ ಅಕ್ಕನ ಚಾನೆಲ್‌ಗೇ ಕರೆದುಕೊಂಡು ಹೋಗುತ್ತೆ. ಮೊದಲ ಕಂತಿಗೆ ಐನೂರು ಸ್ಟಿಕ್ಕರ್ ಹೊಡೆಸಿದೆವು. ಕತ್ತರಿಸುವ ಮುಂಚೆ ಒಂದನ್ನು ಗೋಡೆಗೆ ಅಂಟಿಸಿ, ಮೂರು ಬೇರೆ ಬೇರೆ ಫೋನಿನಿಂದ ಸ್ಕ್ಯಾನ್ ಮಾಡಿ ನೋಡಿದೆವು.